ಸ್ಕ್ಯಾನ್ ಮಾಡಿದ ಲೋಗೋದಿಂದ ಬಿಳಿ ಹೋಗಬೇಕು, ಬಣ್ಣ ಮಾಸಬಾರದು

ಪ್ರಶ್ನೆ: ನಮ್ಮ ಹಾಲು ಉತ್ಪಾದಕರ ಸಂಘದ ಲೋಗೋ ಈಗ ಹಳೆಯ ಲೆಟರ್‌ಹೆಡ್‌ನಲ್ಲಿ ಮಾತ್ರ ಉಳಿದಿದೆ. ತಿಳಿನೀಲಿ ವೃತ್ತ, ಅದರೊಳಗೆ ಬಿಳಿ ಹಸುವಿನ ಮುಖ, ಕೆಳಗೆ ಕಡುಹಸಿರು ಅಕ್ಷರದಲ್ಲಿ ಸಂಘದ ಹೆಸರು. ಸ್ಕ್ಯಾನ್ ಮಾಡಿ, ಗಿಂಪ್‌ನಲ್ಲಿ ಬಿಳಿಯನ್ನು ಸೆಲೆಕ್ಟ್ ಮಾಡಿ ಅಳಿಸಿದೆ. ಮರೂನ್ ಬ್ಯಾನರ್ ಮೇಲೆ ಇಟ್ಟರೆ ಸುತ್ತ ಬಿಳಿ ಗೆರೆ, ಅಂಚೆಲ್ಲ ಹಲ್ಲುಹಲ್ಲು. ಗೆಳೆಯರೊಬ್ಬರು ಕಲರ್ ಟು ಆಲ್ಫಾ ಮಾಡಿ ಅಂದರು. ಅಂಚು ನುಣುಪಾಯ್ತು, ಆದರೆ ನೀಲಿ ಪೂರ್ತಿ ಮಾಸಿಹೋಯ್ತು, ಹಸುವಿನ ಮುಖ ಮರೂನ್ ಆಯ್ತು. ಎಲ್ಲಿ ತಪ್ಪಾಯ್ತು?

ಉತ್ತರ: ನಿಮ್ಮ ಗೆಳೆಯರು ಹೇಳಿದ್ದು ಸರಿಯಾದ ದಾರಿಯೇ. ಆದರೆ ಆ ಫಿಲ್ಟರ್‌ನಲ್ಲಿ `Opacity threshold` ಅಂತ ಒಂದು ಸ್ಲೈಡರ್ ಇದೆ. ಅದು ಮೊದಲಿಂದ 1ರಲ್ಲಿ ಇರುತ್ತದೆ, ನೀವೂ ಅಲ್ಲೇ ಬಿಟ್ಟಿದ್ದೀರಿ ಅನ್ನಿಸುತ್ತದೆ. ನೀಲಿ ಮಾಸಿದ್ದು ಅದರಿಂದ. ಹಸುವಿನ ಮುಖ ಹೋಗಿದ್ದಕ್ಕೆ ಕಾರಣ ಬೇರೆ, ಅದಕ್ಕೆ ಆಮೇಲೆ ಬರುತ್ತೇನೆ. ಮೊದಲು ಫಿಲ್ಟರ್ ಒಳಗೆ ಏನು ನಡೆಯುತ್ತದೆ ನೋಡೋಣ. ಅದು ಗೊತ್ತಾದರೆ ಸ್ಲೈಡರ್ ಎಲ್ಲಿಡಬೇಕು ಅಂತ ಊಹಿಸಬೇಕಾಗಿಲ್ಲ, ಲೆಕ್ಕ ಹಾಕಿಯೇ ಇಡಬಹುದು.

ಸ್ಕ್ಯಾನ್ ಮಾಡಿದ ವೃತ್ತದ ಅಂಚನ್ನು 800 ಪರ್ಸೆಂಟ್ ಝೂಮ್ ಮಾಡಿ ನೋಡಿ. ನೀಲಿ ಮುಗಿದ ತಕ್ಷಣ ಬಿಳಿ ಶುರುವಾಗುವುದಿಲ್ಲ. ನಡುವೆ ನಾಲ್ಕೈದು ಪಿಕ್ಸೆಲ್ ಅಗಲದ ಒಂದು ಪಟ್ಟಿ ಇರುತ್ತದೆ. ಅಲ್ಲಿನ ಪ್ರತಿ ಪಿಕ್ಸೆಲ್ ಶಾಯಿ ಮತ್ತು ಕಾಗದ ಎರಡೂ ಬೆರೆತ ಬಣ್ಣ. ಸೆಲೆಕ್ಟ್ ಮಾಡಿ ಅಳಿಸುವಾಗ ಆ ಪಿಕ್ಸೆಲ್‌ಗಳಲ್ಲಿ ಕೆಲವು ಪೂರ್ತಿ ಹೋಗುತ್ತವೆ, ಉಳಿದವು ಬಿಳಿ ಬೆರೆತ ಬಣ್ಣದಲ್ಲೇ ಪೂರ್ತಿ ಉಳಿಯುತ್ತವೆ. ಹೋದ ಕಡೆ ಹಲ್ಲು ಮೂಡುತ್ತದೆ. ಉಳಿದವು ಮರೂನ್ ಮೇಲೆ ಬಿಳಿ ಗೆರೆಯಾಗಿ ಕಾಣುತ್ತವೆ. ಸೆಲೆಕ್ಷನ್ ಅಂಚನ್ನು ಫೆದರ್ ಮಾಡಿದರೂ ಬೆರೆತ ಬಿಳಿ ಹೋಗುವುದಿಲ್ಲ, ಸ್ವಲ್ಪ ಮಸುಕಾಗುತ್ತದೆ ಅಷ್ಟೆ.

ಕಲರ್ ಟು ಆಲ್ಫಾ ಬೇರೆ ಥರ ಕೆಲಸ ಮಾಡುತ್ತದೆ. ಪ್ರತಿ ಪಿಕ್ಸೆಲ್‌ನಲ್ಲೂ ಬಿಳಿ ಎಷ್ಟು ಪಾಲು ಬೆರೆತಿದೆ ಅಂತ ಲೆಕ್ಕ ಹಾಕುತ್ತದೆ. ಅಷ್ಟು ಪಾಲು ಬಿಳಿಯನ್ನು ಬಣ್ಣದಿಂದ ಕಳೆದು, ಅಷ್ಟೇ ಪಾಲು ಪಾರದರ್ಶಕತೆ ಕೊಡುತ್ತದೆ. ಹಾಲಿಗೆ ನೀರು ಎಷ್ಟು ಬೆರೆತಿದೆ ಅಂತ ಅಳೆದ ಹಾಗೆ ಇದು. ಆದರೆ ಹಾಗೆ ಅಳೆಯಬೇಕಾದರೆ ಗಟ್ಟಿ ಹಾಲು ಎಷ್ಟು ತೋರಿಸಬೇಕು ಅಂತ ಮೊದಲೇ ಗೊತ್ತಿರಬೇಕು ಅಲ್ವಾ? ನಿಮ್ಮ ಗಟ್ಟಿ ಶಾಯಿ ಯಾವುದು ಅಂತ ಫಿಲ್ಟರ್‌ಗೆ ಗೊತ್ತಿಲ್ಲ. ಗೊತ್ತಿಲ್ಲದಾಗ ಅದು ಒಂದು ಊಹೆ ಮಾಡುತ್ತದೆ: ಕೆಂಪು, ಹಸಿರು, ನೀಲಿ ಈ ಮೂರು ಚಾನೆಲ್‌ಗಳಲ್ಲಿ ಒಂದಾದರೂ ಸೊನ್ನೆ ಆಗಿದ್ದರೆ ಮಾತ್ರ ಅದು ಗಟ್ಟಿ ಬಣ್ಣ, ಉಳಿದದ್ದೆಲ್ಲ ಬಿಳಿ ಬೆರೆತದ್ದು.

ಕಪ್ಪು ಶಾಯಿಗೆ ಈ ಊಹೆ ಚೆನ್ನಾಗಿ ಹೊಂದುತ್ತದೆ. ಸಹಿ, ಕಪ್ಪು ಸೀಲು, ಕಪ್ಪು ಗೆರೆಯ ಲೋಗೋ ಇದ್ದರೆ ಏನೂ ಮುಟ್ಟದೆ ಓಕೆ ಒತ್ತಿದರೂ ಚೆಂದ ಬರುತ್ತದೆ. ತಿಳಿನೀಲಿಗೆ ಹೊಂದುವುದಿಲ್ಲ. ನಿಮ್ಮ ವೃತ್ತದ ನೀಲಿ 110, 180, 225 ಅಂತ ಇಟ್ಟುಕೊಳ್ಳಿ. ಮೂರರಲ್ಲಿ ಬಿಳಿಯಿಂದ, ಅಂದರೆ 255ರಿಂದ, ಅತಿ ದೂರ ಇರುವುದು ಕೆಂಪು ಚಾನೆಲ್‌ನ 110. ದೂರ 145. 145ನ್ನು 255ರಿಂದ ಭಾಗಿಸಿದರೆ 0.57. ಹಾಗಾಗಿ ಫಿಲ್ಟರ್ ನಿಮ್ಮ ವೃತ್ತದ ಮೈಯನ್ನೇ 57 ಪರ್ಸೆಂಟ್ ಮಾತ್ರ ಗಟ್ಟಿ ಅಂತ ತೀರ್ಮಾನಿಸುತ್ತದೆ. ಬಿಳಿಯನ್ನು ಕಳೆದ ಮೇಲೆ ಬಣ್ಣ 0, 123, 202 ಆಗುತ್ತದೆ. ಇದನ್ನು ವಾಪಸ್ ಬಿಳಿ ಮೇಲಿಟ್ಟರೆ ಮೊದಲಿನ ತಿಳಿನೀಲಿಯೇ ಕಾಣುತ್ತದೆ, ಹಾಗಾಗಿ ಮೋಸ ಗೊತ್ತಾಗುವುದಿಲ್ಲ. 90, 20, 30ರ ಮರೂನ್ ಮೇಲೆ ಇಟ್ಟರೆ ಸುಮಾರು 39, 79, 128 ಆಗುತ್ತದೆ. ಮಂಕು ಕಡುನೀಲಿ. ನೀವು ನೋಡಿದ್ದು ಅದನ್ನೇ.

`Opacity threshold` ಇರುವುದು ಆ ಊಹೆಯನ್ನು ತಿದ್ದುವುದಕ್ಕೆ. ಬಿಳಿಯಿಂದ ಇಷ್ಟು ದೂರ ಇದ್ದರೆ ಅದನ್ನು ಪೂರ್ತಿ ಗಟ್ಟಿ ಅಂತ ತಗೋ ಎಂದು ಅದು ಫಿಲ್ಟರ್‌ಗೆ ಹೇಳುತ್ತದೆ. ಇಡಬೇಕಾದ ಸಂಖ್ಯೆ ಇಷ್ಟೇ:

```
Opacity threshold = (255 − ಶಾಯಿಯ ಅತಿ ಕಡಿಮೆ ಚಾನೆಲ್) ÷ 255
```

ನಿಮ್ಮ ನೀಲಿಗೆ ಅದು 0.57. ಈಗ ಅಂಚಿನ ಒಂದು ಪಿಕ್ಸೆಲ್ ತಗೊಳ್ಳೋಣ, ಅರ್ಧ ಶಾಯಿ, ಅರ್ಧ ಕಾಗದ: 183, 218, 240. ಕೆಂಪು ಚಾನೆಲ್‌ನಲ್ಲಿ ಬಿಳಿಯಿಂದ ದೂರ 72, ಅಂದರೆ 0.28. ಅದನ್ನು 0.57ರಿಂದ ಭಾಗಿಸಿದರೆ ಹತ್ತಿರಹತ್ತಿರ 0.5. ಪಾರದರ್ಶಕತೆ ಸರಿಯಾಗಿ ಅರ್ಧ. ಬಿಳಿ ಕಳೆದ ಮೇಲೆ ಬಣ್ಣ ಎಷ್ಟಾಗುತ್ತದೆ ಅಂತ ನೋಡಿದರೆ 110, 180, 225ರ ಆಸುಪಾಸು, ಅಂದರೆ ಗಟ್ಟಿ ಶಾಯಿಯ ಬಣ್ಣವೇ. ಈ ವಿಧಾನದಲ್ಲಿ ನನಗೆ ಬಹಳ ಇಷ್ಟವಾಗುವುದು ಇದು. ಅಂಚಿನಲ್ಲಿ ಬಿಳಿಯ ಲವಲೇಶವೂ ಉಳಿಯುವುದಿಲ್ಲ, ನುಣುಪು ಮಾತ್ರ ಹಾಗೇ ಉಳಿಯುತ್ತದೆ. ವೃತ್ತದ ಮೈ ಪೂರ್ತಿ ಗಟ್ಟಿಯಾಗಿರುತ್ತದೆ.

ಸಂಖ್ಯೆ ತಪ್ಪಿದರೆ ಎರಡು ಥರ ಕೆಡುತ್ತದೆ. ಬೇಕಾದ್ದಕ್ಕಿಂತ ಜಾಸ್ತಿ ಇಟ್ಟರೆ ಮೈ ಪಾರದರ್ಶಕವಾಗಿ ಹಿಂದಿನ ಬಣ್ಣ ತೂರಿ ಬರುತ್ತದೆ. ಕಡಿಮೆ ಇಟ್ಟರೆ ಅಂಚಿನ ಬೆರಕೆ ಪಿಕ್ಸೆಲ್‌ಗಳೂ ಗಟ್ಟಿ ಅಂತ ಲೆಕ್ಕಕ್ಕೆ ಬಂದು, ಬಿಳಿ ಗೆರೆ ವಾಪಸ್ ಬರುತ್ತದೆ. ನಿಮ್ಮ ಲೋಗೋದಲ್ಲಿ ಎರಡು ಶಾಯಿ ಇರುವುದರಿಂದ ಇಡೀ ಚಿತ್ರಕ್ಕೆ ಒಂದೇ ಸಂಖ್ಯೆ ಸಾಲುವುದಿಲ್ಲ. ಕಡುಹಸಿರು 20, 90, 60 ಅಂತ ಇದ್ದರೆ ಅದಕ್ಕೆ ಬೇಕಾದದ್ದು 0.92. ನೀಲಿಗೆ ಅಂತ 0.57 ಇಟ್ಟು ಇಡೀ ಲೋಗೋಗೆ ಹಾಕಿದರೆ ಅಕ್ಷರಗಳು ಸ್ವಲ್ಪ ದಪ್ಪಗಾಗಿ, ಸುತ್ತ 110, 153, 134ರ ಪೇಲವ ಹಸಿರು ಗೆರೆ ಬರುತ್ತದೆ. 0.92 ಇಟ್ಟರೆ ನೀಲಿ ಮತ್ತೆ 62 ಪರ್ಸೆಂಟ್‌ಗೆ ಇಳಿಯುತ್ತದೆ. ಹಾಗಾಗಿ ಒಂದೊಂದು ಶಾಯಿಗೆ ಒಂದೊಂದು ಸಲ ಫಿಲ್ಟರ್ ಹಾಕಬೇಕು.

ಈ ಸ್ಲೈಡರ್‌ಗಳು ಗಿಂಪ್‌ನ 2.10 ಸರಣಿಯಿಂದ ಈಚೆಗೆ ಇವೆ. ಹಳೆಯ 2.8ರಲ್ಲಿ ಬಣ್ಣ ಆರಿಸುವುದು ಬಿಟ್ಟರೆ ಬೇರೇನೂ ಇಲ್ಲ. ನಿಮ್ಮದು ಅದಾಗಿದ್ದರೆ ಮೊದಲು ಹೊಸದು ಹಾಕಿಕೊಳ್ಳಿ.

ಈಗ ನಿಮ್ಮ ಲೋಗೋವನ್ನೇ ತಗೊಂಡು ಮೊದಲಿಂದ ಮಾಡೋಣ. ಆಗಲೇ ಸ್ಕ್ಯಾನ್ ಮಾಡಿದ್ದೀರಿ, ಆದರೂ ಸಾಧ್ಯವಾದರೆ ಇನ್ನೊಂದು ಸಲ ಮಾಡಿ. 600 ಡಿಪಿಐ, ಕಲರ್ ಮೋಡ್. ಫೈಲ್ ಪಿಎನ್‌ಜಿ ಅಥವಾ ಟಿಫ್ ಇರಲಿ. ಜೆಪೆಗ್ ಆದರೆ ಅಂಚಿನ ಸುತ್ತ ಸಣ್ಣ ಸಣ್ಣ ಕಲೆ ಬೀಳುತ್ತವೆ. ಬಿಳಿ ಮೇಲೆ ಅವು ಕಣ್ಣಿಗೆ ಬೀಳುವುದಿಲ್ಲ. ಕಲರ್ ಟು ಆಲ್ಫಾ ಅವನ್ನೂ ತೆಳು ಶಾಯಿ ಅಂತಲೇ ತಿಳಿದು ಉಳಿಸುತ್ತದೆ. ಸ್ಕ್ಯಾನರ್‌ನ ಸೆಟ್ಟಿಂಗ್‌ನಲ್ಲಿ ಶಾರ್ಪನಿಂಗ್ ಇದ್ದರೆ ಆಫ್ ಮಾಡಿ. ಅದು ಅಂಚಿನ ಒಳಗಡೆ ಬಣ್ಣವನ್ನು ಗಾಢ ಮಾಡುತ್ತದೆ, ಹೊರಗಡೆ ಇನ್ನಷ್ಟು ಬಿಳಿ ಮಾಡುತ್ತದೆ. ನಮಗೆ ಬೇಕಾದ ಹದವಾದ ಬೆರಕೆಯೇ ಹೋಗಿಬಿಡುತ್ತದೆ. ಲೆಟರ್‌ಹೆಡ್ ತೆಳು ಕಾಗದದ್ದಾಗಿ, ಹಿಂದೆ ಏನಾದರೂ ಬರೆದಿದ್ದರೆ ಅದರ ಮೇಲೆ ಒಂದು ಕಪ್ಪು ಹಾಳೆ ಇಟ್ಟು ಮುಚ್ಚಳ ಮುಚ್ಚಿ. ಹಿಂಬದಿಯ ಬರಹ ಕಾಣುವುದು ಬಹಳ ಕಡಿಮೆಯಾಗುತ್ತದೆ. ಕಾಗದ ಸ್ವಲ್ಪ ಕಪ್ಪಿಟ್ಟ ಹಾಗೆ ಕಾಣಬಹುದು, ಪರವಾಗಿಲ್ಲ.

ಮುಂದಿನದು ಕಾಗದದ ಬಣ್ಣ. ನೀವು ಬಿಳಿ ಅಂತ ನೋಡುತ್ತಿರುವುದು ಸ್ಕ್ಯಾನ್‌ನಲ್ಲಿ ಬಿಳಿ ಆಗಿರುವುದಿಲ್ಲ. ಹಳೆಯ ಕಾಗದ 244, 241, 233 ಹೀಗೆ ಇರುತ್ತದೆ, ಅದೂ ಪಿಕ್ಸೆಲ್‌ನಿಂದ ಪಿಕ್ಸೆಲ್‌ಗೆ ನಾಲ್ಕೈದು ಅಂಕಿ ಮೇಲೆ ಕೆಳಗೆ. ಹೇಗಿದ್ದರೂ ಫಿಲ್ಟರ್‌ನಲ್ಲಿ ತೆಗೆಯಬೇಕಾದ ಬಣ್ಣವನ್ನು ನಾವೇ ಆರಿಸಬಹುದಲ್ಲ, ಕಾಗದದ ಬಣ್ಣವನ್ನೇ ಆರಿಸಿದರಾಯ್ತು ಅಂತ ಅನ್ನಿಸುವುದು ಸಹಜ. ಅಲ್ಲೊಂದು ತೊಂದರೆ ಇದೆ. ಆರಿಸಿದ ಬಣ್ಣಕ್ಕಿಂತ ಗಾಢವಾದ ಪಿಕ್ಸೆಲ್‌ಗೆ ದೂರವನ್ನು ಕಪ್ಪಿನ ಕಡೆಗೆ ಅಳೆಯುತ್ತದೆ, ತಿಳಿಯಾದ ಪಿಕ್ಸೆಲ್‌ಗೆ ಪೂರ್ತಿ ಬಿಳಿಯ ಕಡೆಗೆ ಅಳೆಯುತ್ತದೆ. 233ರಿಂದ 255ಕ್ಕೆ ಇರುವ ಜಾಗ ಬರೀ 22 ಅಂಕಿ. ಕಾಗದದ ಒಂದು ಪಿಕ್ಸೆಲ್ 5 ಅಂಕಿ ತಿಳಿಯಾಗಿದ್ದರೂ ಸಾಕು, 22ರಲ್ಲಿ 5 ಅಂದರೆ 23 ಪರ್ಸೆಂಟ್ ಗಟ್ಟಿ ಅಂತಾಯ್ತು. ಫಲ, ಮರೂನ್ ಮೇಲೆ ಲೋಗೋ ಸುತ್ತ ಬಿಳಿ ಮರಳು ಚೆಲ್ಲಿದಂತೆ ಕಾಳುಕಾಳು.

ಅದಕ್ಕೇ ಮೊದಲು ಕಾಗದವನ್ನು ನಿಜವಾದ ಬಿಳಿಗೆ ತರಬೇಕು, ಆಮೇಲೆ ಬಿಳಿಯನ್ನೇ ತೆಗೆಯಬೇಕು. `Colors > Levels` ತೆರೆಯಿರಿ. ಮೇಲೆ `Channel` ಅಂತ ಇರುವ ಕಡೆ `Red` ಆರಿಸಿ, ಇನ್‌ಪುಟ್‌ನ ಬಲಗಡೆಯ ಸಂಖ್ಯೆ 255 ಇರುತ್ತದೆ, ಅದನ್ನು 238 ಮಾಡಿ. `Green`ಗೆ 235, `Blue`ಗೆ 227. ನಿಮ್ಮ ಕಾಗದ ತೋರಿಸುವ ಸಂಖ್ಯೆಗಿಂತ ಆರೇಳು ಅಂಕಿ ಕಡಿಮೆ ಇಡುತ್ತಿದ್ದೇವೆ, ಅಷ್ಟೆ. ಕಾಗದದ ಏರಿಳಿತವೆಲ್ಲ 255ಕ್ಕೆ ಹೋಗಿ ಸಮವಾಗುತ್ತದೆ. ಅಂಚಿನ ತೀರಾ ತೆಳು ಭಾಗ ಮೂರು ನಾಲ್ಕು ಪರ್ಸೆಂಟ್‌ನಷ್ಟು ಹೋಗುತ್ತದೆ, ಕಣ್ಣಿಗೆ ಗೊತ್ತಾಗುವುದಿಲ್ಲ. ಇನ್ನೂ ಕಡಿಮೆ ಮಾಡಿ 200ಕ್ಕೆ ಎಳೆಯಬೇಡಿ. ಆಗ ಅಂಚು ಕೊರೆದ ಹಾಗಾಗಿ, ಸೆಲೆಕ್ಟ್ ಮಾಡಿ ಅಳಿಸಿದ್ದಕ್ಕೂ ಇದಕ್ಕೂ ವ್ಯತ್ಯಾಸ ಉಳಿಯುವುದಿಲ್ಲ.

ಲೆವೆಲ್ಸ್ ಆದ ಮೇಲೆ ಶಾಯಿಯನ್ನು ಅಳೆಯಿರಿ. ಮೊದಲೇ ಅಳೆದರೆ ಪ್ರಯೋಜನ ಇಲ್ಲ, ಲೆವೆಲ್ಸ್‌ನಿಂದ ಶಾಯಿಯ ಸಂಖ್ಯೆಯೂ ಬದಲಾಗಿರುತ್ತದೆ. ಕಲರ್ ಪಿಕರ್ ತಗೊಂಡು, `Sample average` ಟಿಕ್ ಮಾಡಿ, ಶಿಫ್ಟ್ ಹಿಡಿದು ವೃತ್ತದ ನಡುವೆ ಐದಾರು ಕಡೆ ಕ್ಲಿಕ್ ಮಾಡಿ. ಒಂದು ಕಿಟಕಿಯಲ್ಲಿ ಸಂಖ್ಯೆ ಬರುತ್ತದೆ. ಅದು ಪರ್ಸೆಂಟ್‌ನಲ್ಲಿ ತೋರಿಸಿದರೆ ಇನ್ನೂ ಸುಲಭ, ಅತಿ ಕಡಿಮೆ ಇರುವುದನ್ನು 100ರಿಂದ ಕಳೆದು, ಬಂದದ್ದನ್ನು 100ರಿಂದ ಭಾಗಿಸಿದರೆ ಆಯ್ತು. ಅಚ್ಚಾದ ಶಾಯಿ ಎಲ್ಲ ಕಡೆ ಒಂದೇ ಸಮ ಇರುವುದಿಲ್ಲ. ಒಂದು ಕಡೆ 106, ಇನ್ನೊಂದು ಕಡೆ 118 ಬರಬಹುದು. ಅತಿ ತಿಳಿಯಾಗಿರುವುದನ್ನು ಲೆಕ್ಕಕ್ಕೆ ತಗೊಳ್ಳಿ. 118 ಆದರೆ 137 ಭಾಗಿಸು 255, ಅಂದರೆ 0.54. ನಾನಾದರೆ ನಿಮ್ಮ ನೀಲಿಗೆ 0.54 ಇಡುತ್ತೇನೆ. 0.57 ಇಟ್ಟರೆ ತಿಳಿ ಇರುವ ಜಾಗಗಳಲ್ಲಿ ಮೈ ಅಲ್ಲಲ್ಲಿ ತೂತುಬಿದ್ದ ಹಾಗೆ ತೆಳುವಾಗುತ್ತದೆ. 0.54ರಲ್ಲಿ ಅಂಚು ಒಂದೆಳೆ ತಿಳಿಯಾಗುವುದು ಯಾರ ಕಣ್ಣಿಗೂ ಬೀಳುವುದಿಲ್ಲ.

ಅಳತೆ ಆಯ್ತು, ಇನ್ನು ಅಕ್ಷರಗಳಿಂದ ಶುರು ಮಾಡೋಣ. ರೆಕ್ಟ್ಯಾಂಗಲ್ ಸೆಲೆಕ್ಟ್ ಟೂಲ್‌ನಿಂದ ಚಿತ್ರದ ಕೆಳಭಾಗವನ್ನು, ಅಂದರೆ ವೃತ್ತಕ್ಕೂ ಅಕ್ಷರಕ್ಕೂ ನಡುವಿನ ಖಾಲಿ ಜಾಗದಿಂದ ಕೆಳಗಿನ ತುದಿಯವರೆಗೆ ಪೂರ್ತಿ ಸೆಲೆಕ್ಟ್ ಮಾಡಿ. ಇಲ್ಲಿ ಮ್ಯಾಜಿಕ್ ವ್ಯಾಂಡ್ ಥರದ ಟೂಲ್ ಬೇಡ. ಕನ್ನಡ ಅಕ್ಷರಗಳಲ್ಲಿ ಸುತ್ತಿಕೊಂಡ ಹೊಟ್ಟೆ ಬಹಳ. ಠ, ರ, ಅನುಸ್ವಾರದ ಸೊನ್ನೆ, ಎಲ್ಲದರ ಒಳಗೂ ಮುಚ್ಚಿಕೊಂಡ ಬಿಳಿ ಇದೆ. ಹೊರಗಡೆ ಕ್ಲಿಕ್ ಮಾಡಿದರೆ ಆ ಬಿಳಿ ಸೆಲೆಕ್ಟ್ ಆಗುವುದಿಲ್ಲ, ಮರೂನ್ ಮೇಲೆ ಬಿಳಿ ಚುಕ್ಕಿಗಳಾಗಿ ಉಳಿಯುತ್ತವೆ. ಆಯತದೊಳಗೆ ಇರುವುದು ಹಸಿರು ಮತ್ತು ಕಾಗದ ಮಾತ್ರ, ಹಾಗಾಗಿ ಇಡೀ ಆಯತಕ್ಕೆ ಫಿಲ್ಟರ್ ಹಾಕಬಹುದು.

`Colors > Color to Alpha`ಗೆ ಹೋಗಿ. `Color` ಬಿಳಿ ಇರಲಿ. `Opacity threshold` 0.9ರ ಹತ್ತಿರ, ನಿಮ್ಮ ಅಳತೆ ಏನು ಬಂತೋ ಅಷ್ಟು. `Transparency threshold` ಅಂತ ಇನ್ನೊಂದಿದೆ, ಅದು ಸೊನ್ನೆಯಲ್ಲಿರುತ್ತದೆ. ಬಿಳಿಯಿಂದ ಇಷ್ಟರೊಳಗೆ ಇರುವುದೆಲ್ಲ ಪೂರ್ತಿ ಹೋಗಲಿ ಅಂತ ಅದರ ಕೆಲಸ. 0.02 ಇಡಿ, ಲೆವೆಲ್ಸ್‌ಗೆ ಸಿಗದೆ ಉಳಿದ ಧೂಳು ಹೋಗುತ್ತದೆ. ಇದನ್ನು ಏರಿಸಿದಷ್ಟೂ ಅಕ್ಷರ ಸಣ್ಣಗಾಗುತ್ತದೆ, ಹಾಗಾಗಿ 0.05 ದಾಟಬೇಡಿ. ಗಿಂಪ್ 3 ಬಳಸುತ್ತಿದ್ದರೆ ಓಕೆ ಒತ್ತುವ ಮೊದಲು ಕೆಳಗಿನ `Merge filter` ಟಿಕ್ ಮಾಡಿ. ಇಲ್ಲದಿದ್ದರೆ ಫಿಲ್ಟರ್ ಲೇಯರ್ ಮೇಲೆ ಜೀವಂತವಾಗಿ ಕೂತಿರುತ್ತದೆ, ಮುಂದಿನ ಹಂತಗಳಲ್ಲಿ ಗೊಂದಲವಾಗುತ್ತದೆ.

ಅಕ್ಷರ ಒಂದೇ ಬಣ್ಣದ್ದಾದ್ದರಿಂದ ಇನ್ನೊಂದು ಹೆಜ್ಜೆ ಮುಂದೆ ಹೋಗಬಹುದು. ಲೇಯರ್ಸ್ ಪಟ್ಟಿಯಲ್ಲಿ ಚೌಕುಳಿಯಂತಿರುವ `Lock alpha channel` ಒತ್ತಿ, ಮುಂಬಣ್ಣವನ್ನು ಸರಿಯಾದ ಕಡುಹಸಿರು ಮಾಡಿ, ಅದೇ ಸೆಲೆಕ್ಷನ್ ಇರುವಾಗಲೇ `Edit > Fill with FG Color` ಕೊಡಿ. ಪಾರದರ್ಶಕತೆ ಇದ್ದ ಹಾಗೇ ಇರುತ್ತದೆ, ಬಣ್ಣ ಮಾತ್ರ ಎಲ್ಲ ಕಡೆ ಒಂದೇ ಆಗುತ್ತದೆ. ಅಚ್ಚಿನ ಏರುಪೇರು, ಕಾಗದದ ನಾರಿನ ಗುರುತು ಎಲ್ಲ ಮಾಯ. ಆಮೇಲೆ ಲಾಕ್ ತೆಗೆಯುವುದನ್ನು ಮರೆಯಬೇಡಿ. ಲಾಕ್ ಇದ್ದರೆ ಮುಂದಿನ ಸಲ ಫಿಲ್ಟರ್ ಪಾರದರ್ಶಕತೆಯನ್ನು ಬದಲಿಸಲಾಗುವುದಿಲ್ಲ.

ಈಗ ವೃತ್ತ, ಮತ್ತು ನೀವು ಕಳೆದುಕೊಂಡ ಹಸುವಿನ ಮುಖ. ಫಿಲ್ಟರ್‌ಗೆ ಹೊರಗಿನ ಕಾಗದದ ಬಿಳಿಯೂ ಹಸುವಿನ ಬಿಳಿಯೂ ಒಂದೇ. ಎರಡರ ವ್ಯತ್ಯಾಸ ನಾವೇ ಹೇಳಬೇಕು, ಅಂದರೆ ಹಸು ಇರುವ ಕಡೆಗೆ ಫಿಲ್ಟರ್ ಹೋಗದಂತೆ ತಡೆಯಬೇಕು. ಈ ಕಡೆ ಮ್ಯಾಜಿಕ್ ವ್ಯಾಂಡ್ ಉಪಯೋಗಕ್ಕೆ ಬರುತ್ತದೆ. ಗಿಂಪ್‌ನಲ್ಲಿ ಅದರ ಹೆಸರು `Fuzzy Select`.

ಮೇಲಿನ ಅರ್ಧವನ್ನು ಆಯತದಿಂದ ಸೆಲೆಕ್ಟ್ ಮಾಡಿ, ಅದರ ಕೆಳ ಅಂಚು ಅಕ್ಷರದ ಆಯತದ ಮೇಲೆ ಸ್ವಲ್ಪ ಏರಲಿ. ಆ ಖಾಲಿ ಜಾಗ ಆಗಲೇ ಪಾರದರ್ಶಕ, ಎರಡು ಸಲ ಮಾಡಿದರೂ ನಷ್ಟ ಇಲ್ಲ. ಆಮೇಲೆ ಫಜಿ ಸೆಲೆಕ್ಟ್ ತಗೊಂಡು, ಥ್ರೆಶೋಲ್ಡ್ 15 ಇಟ್ಟು, ಶಿಫ್ಟ್ ಮತ್ತು ಕಂಟ್ರೋಲ್ ಎರಡೂ ಹಿಡಿದು ವೃತ್ತದ ಹೊರಗಿನ ಬಿಳಿಯ ಮೇಲೆ ಕ್ಲಿಕ್ ಮಾಡಿ. ಆಯತದೊಳಗಿನ ಹೊರ ಬಿಳಿ ಮಾತ್ರ ಸೆಲೆಕ್ಟ್ ಆಗುತ್ತದೆ. ಹಸುವಿನ ಮುಖ ನೀಲಿಯೊಳಗೆ ಮುಚ್ಚಿಕೊಂಡಿರುವುದರಿಂದ ಅದಕ್ಕೆ ಸೋಂಕುವುದಿಲ್ಲ.

ಇಲ್ಲೇ ಅಳಿಸಿದರೆ ಮತ್ತೆ ಹಲ್ಲು, ಮತ್ತೆ ಬಿಳಿ ಗೆರೆ. ಈ ಸೆಲೆಕ್ಷನ್ ಈಗ ಅಂಚಿನ ಬೆರಕೆ ಪಟ್ಟಿಯ ಹೊರಗಡೆಯೇ ನಿಂತಿದೆ. `Select > Grow` ಕೊಟ್ಟು 8 ಪಿಕ್ಸೆಲ್ ಹಿಗ್ಗಿಸಿ. ಈಗ ಅದು ಬೆರಕೆ ಪಟ್ಟಿಯನ್ನು ದಾಟಿ, ಗಟ್ಟಿ ನೀಲಿಯ ಒಳಗೆ ಎರಡು ಮೂರು ಪಿಕ್ಸೆಲ್ ಕಾಲಿಟ್ಟಿರುತ್ತದೆ. 600 ಡಿಪಿಐನಲ್ಲಿ 8 ಪಿಕ್ಸೆಲ್ ಅಂದರೆ ಮಿಲಿಮೀಟರ್‌ನ ಮೂರನೇ ಒಂದು ಪಾಲು. ಹಸುವಿನ ಕಿವಿ ವೃತ್ತದ ಅಂಚಿಗೆ ಅಷ್ಟು ಹತ್ತಿರ ಬಂದಿದ್ದರೆ ಮಾತ್ರ ಸಂಖ್ಯೆ ಇಳಿಸಿ. ಮೇಲೆ ಹೇಳಿದಂತೆ ಕಲರ್ ಟು ಆಲ್ಫಾ ಹಾಕಿ, `Opacity threshold` 0.54, `Transparency threshold` 0.02.

ಸೆಲೆಕ್ಷನ್ ನೀಲಿಯ ಮಧ್ಯೆಯೇ ನಿಂತಿದೆಯಲ್ಲ, ಅಲ್ಲಿ ಒಂದು ಗೆರೆ ಕಾಣುವುದಿಲ್ಲವೇ ಅಂತ ಕೇಳಬಹುದು. ಸಂಖ್ಯೆ ಸರಿಯಿದ್ದರೆ ಕಾಣುವುದಿಲ್ಲ. ಗಟ್ಟಿ ನೀಲಿಯನ್ನು ಫಿಲ್ಟರ್ ಗಟ್ಟಿ ಅಂತಲೇ ಒಪ್ಪಿಕೊಂಡು ಮುಟ್ಟದೆ ಬಿಡುತ್ತದೆ. ಒಳಗಡೆಯೂ ಅದೇ ಬಣ್ಣ, ಹೊರಗಡೆಯೂ ಅದೇ ಬಣ್ಣ. ಸ್ಲೈಡರ್ 1ರಲ್ಲಿ ಇದ್ದಿದ್ದರೆ ಮರೂನ್ ಮೇಲೆ ವೃತ್ತದ ಸುತ್ತ ಮಂಕು ನೀಲಿಯ ಉಂಗುರ ಎದ್ದು ಕಾಣುತ್ತಿತ್ತು. ಅಂಥ ಉಂಗುರ ನಿಮಗೆ ಕಂಡರೆ, ಸಂಖ್ಯೆ ಜಾಸ್ತಿ ಆಗಿದೆ ಅಂತ ತಿಳಿದು ಅನ್‌ಡೂ ಮಾಡಿ 0.02 ಇಳಿಸಿ ನೋಡಿ.

ಫಲಿತಾಂಶ ಸರಿಯಿದೆಯೋ ಇಲ್ಲವೋ ಅಂತ ಗಿಂಪ್‌ನ ಚೌಕುಳಿ ಹಿನ್ನೆಲೆ ನೋಡಿ ಹೇಳಬೇಡಿ. ಆ ಬೂದು ಬಣ್ಣದಲ್ಲಿ ತೆಳು ಮಸುಕು ಅಡಗಿಬಿಡುತ್ತದೆ. ನಾನು ನಂಬುವುದು ಮಾಸ್ಕ್ ನೋಟವನ್ನು. ಸೆಲೆಕ್ಷನ್ ತೆಗೆದು, ಲೇಯರ್‌ನ ಒಂದು ನಕಲು ಮಾಡಿ, ಆ ನಕಲಿಗೆ ಲೇಯರ್ ಮಾಸ್ಕ್ ಸೇರಿಸಿ. ಕೇಳುವ ಆಯ್ಕೆಗಳಲ್ಲಿ `Transfer layer's alpha channel` ಆರಿಸಿ. ಲೇಯರ್ಸ್ ಪಟ್ಟಿಯಲ್ಲಿ ಮಾಸ್ಕ್‌ನ ಪುಟ್ಟ ಚಿತ್ರದ ಮೇಲೆ ಆಲ್ಟ್ ಹಿಡಿದು ಕ್ಲಿಕ್ ಮಾಡಿದರೆ ಪಾರದರ್ಶಕತೆಯೇ ಕಪ್ಪುಬಿಳುಪು ಚಿತ್ರವಾಗಿ ಕಾಣುತ್ತದೆ. ಹಿನ್ನೆಲೆ ಅಚ್ಚ ಕಪ್ಪು, ವೃತ್ತ ಮತ್ತು ಅಕ್ಷರ ಅಚ್ಚ ಬಿಳಿ, ನಡುವೆ ಸಣ್ಣ ಬೂದು ಅಂಚು, ಇಷ್ಟೇ ಇರಬೇಕು. ವೃತ್ತದ ಮೈಯಲ್ಲಿ ಬೂದು ಕಂಡರೆ `Opacity threshold` ಜಾಸ್ತಿ. ಹಿನ್ನೆಲೆಯಲ್ಲಿ ಬೂದು ಹೊಗೆ ಕಂಡರೆ ಕಾಗದ ಸರಿಯಾಗಿ ಬಿಳಿಯಾಗಿರಲಿಲ್ಲ. ಹೊಗೆ ಸ್ವಲ್ಪವೇ ಇದ್ದರೆ ಮೊದಲಿಂದ ಮಾಡಬೇಕಾಗಿಲ್ಲ, ಮಾಸ್ಕ್ ಮೇಲೆಯೇ ಲೆವೆಲ್ಸ್ ತೆರೆದು ಎಡಗಡೆಯ ಸಂಖ್ಯೆಯನ್ನು 5ರಿಂದ 10ರವರೆಗೆ ಏರಿಸಿದರೆ ಹೊರಟುಹೋಗುತ್ತದೆ. ಹೀಗೆ ತಿದ್ದಿದ್ದರೆ ಇನ್ನೊಂದು ಸಲ ಆಲ್ಟ್ ಹಿಡಿದು ಕ್ಲಿಕ್ ಮಾಡಿ ಮಾಸ್ಕ್ ನೋಟದಿಂದ ಹೊರಬಂದು, ಈ ನಕಲನ್ನೇ ಇಟ್ಟುಕೊಂಡು ಹಳೆಯ ಲೇಯರ್ ತೆಗೆಯಿರಿ. ತಿದ್ದಿಲ್ಲದಿದ್ದರೆ ನಕಲನ್ನೇ ತೆಗೆದುಬಿಡಿ.

ಕೆಳಗೆ ನಿಮ್ಮ ಬ್ಯಾನರ್‌ನ ಮರೂನ್ ತುಂಬಿದ ಲೇಯರ್ ಇಟ್ಟು ಬಿಳಿ ಗೆರೆ ಇದೆಯೇ ನೋಡಿ, ಆದರೆ ಅಂಚಿನ ದಪ್ಪದ ಬಗ್ಗೆ ಅಲ್ಲೇ ತೀರ್ಪು ಕೊಡಬೇಡಿ. ಈಗಿನ ಗಿಂಪ್ ಲೇಯರ್‌ಗಳನ್ನು ಬೆರೆಸುವ ಲೆಕ್ಕವೂ ಬ್ರೌಸರ್ ಬೆರೆಸುವ ಲೆಕ್ಕವೂ ಬೇರೆ. ಗಾಢ ಹಿನ್ನೆಲೆಯ ಮೇಲೆ ತಿಳಿ ಬಣ್ಣದ ಅಂಚು ಗಿಂಪ್‌ನಲ್ಲಿ ಸ್ವಲ್ಪ ಉಬ್ಬಿದ ಹಾಗೆ, ಬ್ರೌಸರ್‌ನಲ್ಲಿ ತುಸು ತೆಳ್ಳಗೆ ಕಾಣುತ್ತದೆ. ಲೋಗೋ ಎಲ್ಲಿ ಬಳಸುತ್ತೀರೋ ಅಲ್ಲೇ ಹಾಕಿ ನೋಡುವುದು ಒಳ್ಳೆಯದು.

ಅಳತೆ ಚಿಕ್ಕದು ಮಾಡುವುದಿದ್ದರೆ ಎಲ್ಲ ಮುಗಿದ ಮೇಲೆ ಮಾಡಿ. 600 ಡಿಪಿಐನಲ್ಲಿ ಕೆಲಸ ಮುಗಿಸಿ ಆಮೇಲೆ ಮೂರನೇ ಒಂದಕ್ಕೆ ಇಳಿಸಿದರೆ ಅಂಚು ಇನ್ನಷ್ಟು ನಯವಾಗುತ್ತದೆ. ಮರೂನ್ ಲೇಯರ್ ಮರೆಮಾಡಿ ಪಿಎನ್‌ಜಿಗೆ ಎಕ್ಸ್‌ಪೋರ್ಟ್ ಮಾಡಿ. ಜೆಪೆಗ್‌ಗೆ ಪಾರದರ್ಶಕತೆ ಗೊತ್ತೇ ಇಲ್ಲ. ಬ್ಯಾನರ್ ಮಾಡುವವರಿಗೆ ವಾಟ್ಸಾಪ್‌ನಲ್ಲಿ ಕಳಿಸುವುದಾದರೆ ಫೋಟೋ ಅಂತ ಕಳಿಸಬೇಡಿ, ಅದು ಜೆಪೆಗ್ ಆಗಿ ಹೋಗುತ್ತದೆ. ಡಾಕ್ಯುಮೆಂಟ್ ಅಂತ ಕಳಿಸಿ.

ಇಷ್ಟೆಲ್ಲ ಮಾಡಿದರೂ ಒಂದು ಸಂದರ್ಭದಲ್ಲಿ ಇದು ಕೈಕೊಡುತ್ತದೆ. ನಿಮ್ಮ ತಿಳಿನೀಲಿ ನಿಜವಾಗಿ ತಿಳಿನೀಲಿ ಶಾಯಿಯಲ್ಲೇ ಅಚ್ಚಾಗಿದೆಯೇ ಅಂತ ಝೂಮ್ ಮಾಡಿ ನೋಡಿ. ಆಫ್‌ಸೆಟ್ ಮುದ್ರಣದಲ್ಲಿ ತಿಳಿ ಬಣ್ಣಗಳನ್ನು ಸಾಮಾನ್ಯವಾಗಿ ಗಾಢ ಶಾಯಿಯ ಸಣ್ಣ ಚುಕ್ಕಿಗಳಿಂದ ಮಾಡುತ್ತಾರೆ. ಹಾಗಿದ್ದರೆ ಚುಕ್ಕಿಗಳ ನಡುವೆ ಕಾಗದ ಕಾಣುತ್ತಿರುತ್ತದೆ. ಕಲರ್ ಟು ಆಲ್ಫಾ ಹಾಕಿದರೆ ವೃತ್ತದ ಅಂಚು ಜರಡಿಯಾಗುತ್ತದೆ, ಸಂಖ್ಯೆ ಎಷ್ಟಿಟ್ಟರೂ ಸರಿಹೋಗುವುದಿಲ್ಲ. ಅಂಥ ಸ್ಕ್ಯಾನ್‌ಗೆ ಲೆವೆಲ್ಸ್‌ಗಿಂತ ಮೊದಲು ವೃತ್ತದ ಭಾಗಕ್ಕೆ ಮಾತ್ರ `Gaussian Blur` ಹಾಕಿ, ಚುಕ್ಕಿಗಳು ಒಂದಕ್ಕೊಂದು ಕರಗಿ ಸಮ ಬಣ್ಣ ಆಗುವಷ್ಟು, ಅದಕ್ಕಿಂತ ಜಾಸ್ತಿ ಬೇಡ. 600 ಡಿಪಿಐನಲ್ಲಿ 3 ಪಿಕ್ಸೆಲ್‌ನಿಂದ ಶುರು ಮಾಡಿ ನೋಡಿ. ಅಂಚಿನ ಬೆರಕೆ ಪಟ್ಟಿ ಅಗಲವಾಗುತ್ತದೆ, ಹಾಗಾಗಿ ಹಿಗ್ಗಿಸುವ ಸಂಖ್ಯೆಯನ್ನೂ 8ರ ಬದಲು 14ಕ್ಕೆ ಏರಿಸಿ. ಹಸುವಿನ ಮುಖದ ಗೆರೆಗಳೂ ಸ್ವಲ್ಪ ಮಸುಕಾಗುತ್ತವೆ. ಅದು ಒಪ್ಪಿಗೆಯಾಗದಿದ್ದರೆ ವೃತ್ತವನ್ನೂ ಹಸುವನ್ನೂ ಇಂಕ್‌ಸ್ಕೇಪ್‌ನಲ್ಲಿ ಹೊಸದಾಗಿ ಬಿಡಿಸಿ. ಸ್ಕ್ಯಾನ್‌ನಿಂದ ಅಕ್ಷರಗಳನ್ನಷ್ಟೇ ಉಳಿಸಿಕೊಂಡರೆ ಸಾಕು, ಏಕೆಂದರೆ ಆ ಕಾಲದ ಕೈಬರಹದ ಅಕ್ಷರಕ್ಕೆ ಹೊಂದುವ ಫಾಂಟ್ ಸಿಗುವುದು ಕಷ್ಟ.